ಕೈ ಓಡುತ್ತದೆ, ತಲೆ ಓಡುವುದಿಲ್ಲ

ಈ ಸಲ ಹಾಸನ ಜಿಲ್ಲೆಯಿಂದ ಬಂದ ನಾಲ್ಕು ಕಾಗದಗಳಿಗೆ ಒಟ್ಟಿಗೆ ಉತ್ತರಿಸುತ್ತಿದ್ದೇನೆ. ಕೇಳಿದವರ ಕಷ್ಟ ಬೇರೆ ಬೇರೆ. ಆದರೆ ನಾಲ್ಕರ ಹಿಂದೆಯೂ ಮೆದುಳಿನ ಒಂದೇ ಜಾಗ ಇರುವುದರಿಂದ, ಒಬ್ಬರಿಗೆ ಕೊಟ್ಟ ಉತ್ತರ ಇನ್ನೊಬ್ಬರಿಗೂ ಉಪಯೋಗಕ್ಕೆ ಬರುತ್ತದೆ.

ಪ್ರಶ್ನೆ: ಡಾಕ್ಟರಿಗೆ ನಮಸ್ಕಾರ. ನಾನು ಸೆಕೆಂಡ್ ಪಿಯುಸಿ ಸೈನ್ಸ್ ಓದುತ್ತಿದ್ದೇನೆ. ಪ್ರಿಪರೇಟರಿ ಪರೀಕ್ಷೆಯಲ್ಲಿ ಗಣಿತದ ಪೇಪರ್ ಕೈಗೆ ಬಂದಾಗ ಎದೆ ಹೊಡೆದುಕೊಳ್ಳುತ್ತಿತ್ತು. ಆದರೂ ಒಂದು ಅಂಕದ ಪ್ರಶ್ನೆಗಳನ್ನೆಲ್ಲ ಬಡಬಡ ಬರೆದು ಮುಗಿಸಿದೆ. ಇಂಟಿಗ್ರೇಶನ್ ಲೆಕ್ಕಕ್ಕೆ ಬಂದಾಗ ತಲೆ ಪೂರ್ತಿ ಖಾಲಿಯಾಯಿತು. ಸೂತ್ರ ಬರೆದೆ, ಎರಡನೇ ಸಾಲಿಗೆ ಹೋಗುವಷ್ಟರಲ್ಲಿ ಮೊದಲ ಸಾಲಲ್ಲಿ ಏನು ಮಾಡಿದ್ದೆ ಎಂಬುದೇ ಮರೆತುಹೋಯಿತು. ಮನೆಗೆ ಬಂದು ಅದೇ ಲೆಕ್ಕವನ್ನು ಸಲೀಸಾಗಿ ಮಾಡಿದೆ. ಸ್ವಲ್ಪ ಟೆನ್ಷನ್ ಇದ್ದರೆ ಒಳ್ಳೆಯದು ಅಂತಾರೆ ನಮ್ಮ ಲೆಕ್ಚರರ್. ಹಾಗಾದರೆ ನನಗೆ ಆಗಿದ್ದೇನು?
— ವಿದ್ಯಾರ್ಥಿನಿ, ಹೊಳೆನರಸೀಪುರ

ಉತ್ತರ: ನೋಡಮ್ಮ, ನಿನ್ನ ಕಾಗದದಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಲೆಕ್ಕ ತಪ್ಪಿದ್ದಲ್ಲ. ಅದೇ ಹೊತ್ತಿನಲ್ಲಿ, ಅದೇ ಎದೆಬಡಿತದಲ್ಲಿ, ಒಂದು ಅಂಕದ ಪ್ರಶ್ನೆಗಳು ಬಡಬಡ ಬಂದವಲ್ಲ, ಅದು. ನಿನ್ನ ಮೆದುಳು ಪೂರ್ತಿ ಕೈಕೊಟ್ಟಿರಲಿಲ್ಲ. ಅದರ ಒಂದು ಭಾಗ ಮಾತ್ರ ಹಿಂದೆ ಸರಿದಿತ್ತು, ಉಳಿದದ್ದು ಚುರುಕಾಗಿಯೇ ಇತ್ತು.

ಮೆದುಳಿನ ಕಾಂಡದಲ್ಲಿ, ಕತ್ತಿನ ಮೇಲ್ಭಾಗದಿಂದ ಸ್ವಲ್ಪವೇ ಒಳಗೆ, ಎಡಕ್ಕೊಂದು ಬಲಕ್ಕೊಂದು ಸಣ್ಣ ನರಕೋಶಗಳ ಗುಂಪಿದೆ. ಕೊಯ್ದು ನೋಡಿದರೆ ತುಸು ನೀಲಿಯಾಗಿ ಕಾಣುತ್ತದೆ. ಅದೇ ಲೋಕಸ್ ಸಿರೂಲಿಯಸ್. ಎರಡೂ ಕಡೆ ಸೇರಿಸಿದರೂ ಕೋಶಗಳ ಸಂಖ್ಯೆ ಸುಮಾರು 50,000 ಮಾತ್ರ. ಮೆದುಳಿನಲ್ಲಿರುವ ಸಾವಿರಾರು ಕೋಟಿ ಕೋಶಗಳ ಮುಂದೆ ಇದು ಲೆಕ್ಕಕ್ಕೇ ಇಲ್ಲ. ಆದರೆ ಇವುಗಳ ಎಳೆಗಳು ಮೆದುಳಿನ ಹೆಚ್ಚುಕಡಿಮೆ ಎಲ್ಲ ಕಡೆಗೂ ಹರಡಿವೆ, ಬೆನ್ನುಹುರಿಗೂ ಇಳಿದಿವೆ. ಎಳೆಗಳ ತುದಿಯಲ್ಲಿ ಸುರಿಯುವ ರಾಸಾಯನಿಕವೇ ನಾರ್‌ಅಡ್ರಿನಲಿನ್. ನೀನು ನಿದ್ದೆಯಲ್ಲಿದ್ದೀಯೋ, ತೂಕಡಿಸುತ್ತಿದ್ದೀಯೋ, ಮೈಯೆಲ್ಲ ಕಣ್ಣಾಗಿ ಕೂತಿದ್ದೀಯೋ ಎಂಬುದು ಈ ಕೋಶಗಳು ಎಷ್ಟು ಬೇಗ ಬೇಗ ಮಿಡಿಯುತ್ತವೆ ಎಂಬುದರ ಮೇಲೆ ಬಹಳ ಮಟ್ಟಿಗೆ ನಿಂತಿದೆ.

ನಿಮ್ಮ ಕಡೆ ಗೊರೂರು ಅಣೆಕಟ್ಟೆಯ ನಾಲೆ ನೀರನ್ನು ನೀನು ನೋಡಿದ್ದೀಯ. ನೀರು ಒಂದೇ. ಗದ್ದೆಯಲ್ಲಿ ಎಷ್ಟು ನಿಂತರೆ ಭತ್ತ ನಳನಳಿಸುತ್ತದೋ, ಅಷ್ಟೇ ನೀರು ಆಲೂಗಡ್ಡೆ ಹೊಲದಲ್ಲಿ ನಿಂತರೆ ಗೆಡ್ಡೆ ಕೊಳೆಯುತ್ತದೆ. ನಾರ್‌ಅಡ್ರಿನಲಿನ್ ವಿಚಾರವೂ ಹಾಗೆಯೇ. ಹಣೆಯ ಹಿಂದಿರುವ ಮೆದುಳಿನ ಮುಂಭಾಗ, ಅಂದರೆ ಪ್ರೀಫ್ರಂಟಲ್ ಕಾರ್ಟೆಕ್ಸ್, ಆಲೂಗಡ್ಡೆ ಹೊಲದಂಥದ್ದು. ಭಯವನ್ನು ಗುರುತಿಸುವ ಅಮಿಗ್ಡಲಾ, ಉರುಹೊಡೆದದ್ದನ್ನು ಒಪ್ಪಿಸುವ, ಅಭ್ಯಾಸವಾದ ಕೆಲಸ ನಡೆಸುವ ಭಾಗಗಳು ಭತ್ತದ ಗದ್ದೆಯಂಥವು.

ಇದಕ್ಕೆ ಕಾರಣವನ್ನು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಏಮಿ ಆರ್ನ್‌ಸ್ಟನ್ ದಶಕಗಳ ಕಾಲ ಕೆಲಸ ಮಾಡಿ ಬಿಡಿಸಿಟ್ಟಿದ್ದಾರೆ. ನಾರ್‌ಅಡ್ರಿನಲಿನ್ ತಾನಾಗಿ ಒಳ್ಳೆಯದೂ ಅಲ್ಲ ಕೆಟ್ಟದ್ದೂ ಅಲ್ಲ. ಅದು ಯಾವ ಗ್ರಾಹಕಕ್ಕೆ ಹೋಗಿ ಕೂರುತ್ತದೆ ಎಂಬುದರ ಮೇಲೆ ಪರಿಣಾಮ ಬೇರೆಯಾಗುತ್ತದೆ. ಹಣೆಯ ಹಿಂದಿನ ಭಾಗದಲ್ಲಿ ಆಲ್ಫಾ-2ಎ ಎಂಬ ಗ್ರಾಹಕಗಳಿವೆ. ನಾರ್‌ಅಡ್ರಿನಲಿನ್ ಅಲ್ಪಸ್ವಲ್ಪ ಇದ್ದರೂ ಸಾಕು, ಅವು ಹಿಡಿದುಕೊಳ್ಳುತ್ತವೆ. ಹಿಡಿದಾಗ ಅಲ್ಲಿನ ಕೋಶಗಳ ನಡುವಿನ ಸಂಪರ್ಕ ಗಟ್ಟಿಯಾಗುತ್ತದೆ, ಕಣ್ಣೆದುರಿಗೆ ಇಲ್ಲದ ವಿಷಯವನ್ನೂ ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳಲು ಆಗುತ್ತದೆ. ನಾರ್‌ಅಡ್ರಿನಲಿನ್ ಜಾಸ್ತಿಯಾದಾಗ ಮಾತ್ರ ಆಲ್ಫಾ-1 ಎಂಬ ಇನ್ನೊಂದು ಬಗೆಯ ಗ್ರಾಹಕಗಳ ಸರದಿ ಬರುತ್ತದೆ, ಏಕೆಂದರೆ ಅವುಗಳ ಹಿಡಿತ ಸಡಿಲ, ಅಲ್ಪಸ್ವಲ್ಪಕ್ಕೆ ಅವು ಎಚ್ಚೆತ್ತುಕೊಳ್ಳುವುದಿಲ್ಲ. ಅವು ಎಚ್ಚೆತ್ತಾಗ ಅದೇ ಕೋಶಗಳಲ್ಲಿ ಪೊಟ್ಯಾಸಿಯಂ ಹೊರಹೋಗುವ ದಾರಿಗಳು ತೆರೆದು, ಮಿಡಿತ ಕುಗ್ಗಿ, ಹಿಡಿದಿಟ್ಟುಕೊಂಡದ್ದು ಕಳಚಿ ಬೀಳುತ್ತದೆ. ನಿಮ್ಮ ಲೆಕ್ಚರರ್ ಮಾತಿನ ಹಿಂದಿರುವ ದಿಬ್ಬದಂಥ ಗೆರೆ, ತಲೆಕೆಳಗಾದ ಯು ಅಕ್ಷರದ ಗೆರೆ, ಹುಟ್ಟುವುದು ಇಲ್ಲಿ. ಏರುವ ಬದಿ ಆಲ್ಫಾ-2ಎ ಕೆಲಸ, ಇಳಿಯುವ ಬದಿ ಆಲ್ಫಾ-1 ಕೆಲಸ.

ಈಗ ನಿನ್ನ ಲೆಕ್ಕಕ್ಕೆ ಬರೋಣ. ಯಾವ ಲೆಕ್ಕ ಎಂದು ನೀನು ಬರೆದಿಲ್ಲ, ∫ x sin x dx ಎಂದಿಟ್ಟುಕೊಳ್ಳೋಣ. ಬೈ ಪಾರ್ಟ್ಸ್ ಸೂತ್ರ ಬಾಯಿಪಾಠ, ಅದಕ್ಕೇ ಅದನ್ನು ಬರೆದೆ. ಮುಂದಿನ ಸಾಲಿಗೆ ಹೋಗಲು ನೀನು ಏನೇನು ತಲೆಯಲ್ಲಿ ಹಿಡಿದಿರಬೇಕು ನೋಡು. x ಅನ್ನು ಮೊದಲನೆಯದಾಗಿ ತೆಗೆದುಕೊಂಡಿದ್ದೇನೆ. ಅದರ ಡೆರಿವೇಟಿವ್ 1. sin x ಇಂಟಿಗ್ರೇಟ್ ಮಾಡಿದರೆ ಮೈನಸ್ ಚಿಹ್ನೆ ಸೇರಿಕೊಳ್ಳುತ್ತದೆ. ಸೂತ್ರದಲ್ಲಿ ಈಗಾಗಲೇ ಇನ್ನೊಂದು ಮೈನಸ್ ಇದೆ. ಎರಡೂ ಸೇರಿ ಪ್ಲಸ್ ಆಗುತ್ತದೆ. ಆಗ ತಾನೇ −x cos x + ∫ cos x dx ಎಂಬ ಸಾಲು ಬರುವುದು? ಈ ನಾಲ್ಕೈದು ವಿಷಯಗಳು ಯಾವ ಪುಸ್ತಕದಲ್ಲೂ ಇರುವುದಿಲ್ಲ, ಆ ಅರ್ಧ ನಿಮಿಷ ನಿನ್ನ ಹಣೆಯ ಹಿಂದೆ ಮಾತ್ರ ಇರುತ್ತವೆ. ಅಲ್ಲಿ ನೀರು ನಿಂತಿತ್ತು. ಒಂದು ಅಂಕದ ಪ್ರಶ್ನೆಗೆ ಹೀಗೆ ಹಿಡಿದಿಡುವ ಕೆಲಸ ಕಡಿಮೆ, ನೋಡಿದ ಕೂಡಲೇ ಉತ್ತರ ಎದ್ದು ಬರುತ್ತದೆ. ಅದಕ್ಕೇ ಅವು ಉಳಿದವು.

ಇದರಿಂದ ನಿನಗೆ ಮಾಡಲು ಎರಡು ಕೆಲಸ ಸಿಗುತ್ತವೆ. ಮೊದಲನೆಯದು, ಹಿಡಿದಿಡಬೇಕಾದ್ದನ್ನು ತಲೆಯಿಂದ ಕಾಗದಕ್ಕೆ ಇಳಿಸು. ಯಾವುದು ಮೊದಲನೆಯದು, ಯಾವುದು ಎರಡನೆಯದು, ಅವುಗಳ ಡೆರಿವೇಟಿವ್ ಏನು, ಇಂಟಿಗ್ರಲ್ ಏನು, ಚಿಹ್ನೆ ಏನು ಎಂಬುದನ್ನು ರಫ್ ಕೆಲಸದ ಜಾಗದಲ್ಲಿ ಬರೆದುಬಿಡು. ಮನೆಯಲ್ಲಿ ಬೇಕಾಗದಿದ್ದರೂ ಅಲ್ಲೂ ಹಾಗೆಯೇ ಬರೆದು ಅಭ್ಯಾಸ ಮಾಡು. ಎರಡನೆಯದು, ತಲೆ ಖಾಲಿಯಾದ ಕ್ಷಣದಲ್ಲಿ ಅದೇ ಲೆಕ್ಕವನ್ನು ದಿಟ್ಟಿಸುತ್ತ ಕೂರಬೇಡ. ಬಿಟ್ಟು ಗೊತ್ತಿರುವ ಬೇರೆ ಪ್ರಶ್ನೆಗೆ ಹೋಗು, ಉಸಿರನ್ನು ನಿಧಾನವಾಗಿ ಉದ್ದಕ್ಕೆ ಬಿಡು. ಉಸಿರಿನ ಲಯ ಹೊರಡಿಸುವ ಕೋಶಗಳಲ್ಲಿ ಒಂದು ಸಣ್ಣ ಗುಂಪು ನೇರವಾಗಿ ಲೋಕಸ್ ಸಿರೂಲಿಯಸ್‌ಗೆ ಸುದ್ದಿ ಮುಟ್ಟಿಸುತ್ತದೆ ಎಂದು 2017ರಲ್ಲಿ ಇಲಿಗಳಲ್ಲಿ ಕಂಡುಬಂತು. ಆ ಕೋಶಗಳನ್ನು ತೆಗೆದಾಗ ಇಲಿಗಳು ಸಹಜಕ್ಕಿಂತ ಶಾಂತವಾದವು. ಮನುಷ್ಯರಲ್ಲೂ ಇದೇ ದಾರಿ ಇಷ್ಟೇ ಬಲವಾಗಿದೆ ಎಂದು ನಾನು ಹೇಳುವುದಿಲ್ಲ, ಆದರೆ ನಿಧಾನದ ಉಸಿರಿನಿಂದ ನಷ್ಟವಂತೂ ಇಲ್ಲ.

ಪ್ರಶ್ನೆ: ಮಾನ್ಯರೇ, ನಾನು ಪ್ರೌಢಶಾಲೆಯ ಶಿಕ್ಷಕ. ತರಬೇತಿಗಳಲ್ಲಿ ಒತ್ತಡ ಮತ್ತು ಸಾಧನೆಯ ದಿಬ್ಬದ ಚಿತ್ರವನ್ನು ತೋರಿಸಿ, ಮಕ್ಕಳ ಮೇಲೆ ಹದವಾದ ಒತ್ತಡ ಇರಬೇಕು ಎನ್ನುತ್ತಾರೆ. 2019ರಲ್ಲಿ ಎಸ್ಸೆಸ್ಸೆಲ್ಸಿಯಲ್ಲಿ ನಮ್ಮ ಜಿಲ್ಲೆ ರಾಜ್ಯಕ್ಕೇ ಮೊದಲು ಬಂದ ಮೇಲಂತೂ ಫಲಿತಾಂಶದ ಮಾತು ಜೋರಾಗಿದೆ. ಸ್ವಲ್ಪ ಹೆದರಿಸಿದರೆ ಓದುತ್ತಾರೆ ಎಂಬ ವಾದಕ್ಕೆ ಈ ಚಿತ್ರ ನಿಜವಾಗಿ ಆಧಾರವೇ?
— ಶಿಕ್ಷಕರು, ಅರಕಲಗೂಡು

ಉತ್ತರ: ಆಧಾರ ಅಲ್ಲ ಮೇಷ್ಟ್ರೇ. ಆ ಚಿತ್ರ ಎಲ್ಲಿಂದ ಬಂತು ಎಂದು ತಿಳಿದರೆ ನೀವೇ ಒಪ್ಪುತ್ತೀರಿ.

1908ರಲ್ಲಿ ರಾಬರ್ಟ್ ಯರ್ಕೀಸ್ ಮತ್ತು ಜಾನ್ ಡಾಡ್ಸನ್ ಎಂಬ ಇಬ್ಬರು ಅಮೆರಿಕನ್ನರು ಸುಂಡಿಲಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಎದುರಿಗೆ ಎರಡು ಪೆಟ್ಟಿಗೆ, ಒಂದು ಬಿಳಿ, ಒಂದು ಕಪ್ಪು. ಬಿಳಿಯದಕ್ಕೆ ಹೋದರೆ ಏನೂ ಆಗದು, ಕಪ್ಪಿಗೆ ಹೋದರೆ ಕಾಲಿಗೆ ವಿದ್ಯುತ್ ಶಾಕ್. ದಿನಕ್ಕೆ ಹತ್ತು ಸಲ ಬಿಡುತ್ತಿದ್ದರು. ಮೂರು ದಿನ ಸತತವಾಗಿ ಒಂದೂ ತಪ್ಪದೆ ಬಿಳಿಗೆ ಹೋದರೆ ಕಲಿತಿತು ಎಂದು ಲೆಕ್ಕ. ಶಾಕಿನ ಬಲವನ್ನು ಹೆಚ್ಚುಕಡಿಮೆ ಮಾಡಿ, ಬೆಳಕನ್ನು ಬದಲಿಸಿ ಬಿಳಿ-ಕಪ್ಪು ಗುರುತಿಸುವ ಕೆಲಸವನ್ನು ಮೂರು ಮಟ್ಟಕ್ಕೆ ಇಟ್ಟರು: ಸುಲಭ, ಮಧ್ಯಮ, ಕಷ್ಟ. ಒಂದೊಂದು ಮಟ್ಟಕ್ಕೆ ಬೆರಳೆಣಿಕೆಯ ಇಲಿಗಳಷ್ಟೇ.

ಫಲಿತಾಂಶದಲ್ಲಿ ಒಂದೇ ದಿಬ್ಬ ಇರಲಿಲ್ಲ. ಕೆಲಸ ಸುಲಭವಾಗಿದ್ದಾಗ ಶಾಕ್ ಹೆಚ್ಚಿದಷ್ಟೂ ಇಲಿಗಳು ಬೇಗ ಕಲಿತವು, ಗೆರೆ ಕೆಳಗಿಳಿಯಲೇ ಇಲ್ಲ. ಮಧ್ಯಮ ಕೆಲಸದಲ್ಲಿ ನಡುಮಟ್ಟದ ಶಾಕ್ ಒಳ್ಳೆಯದೆನಿಸಿತು. ಕಷ್ಟದ ಕೆಲಸದಲ್ಲಿ ಆ ಒಳ್ಳೆಯ ಮಟ್ಟ ಇನ್ನೂ ಕೆಳಗೆ, ಮೆದು ಶಾಕಿನ ಕಡೆಗೆ ಸರಿಯಿತು. ಅವರ ಬರಹದಲ್ಲಿ ಒತ್ತಡದ ಮಾತಿಲ್ಲ, ಎಚ್ಚರದ ಮಟ್ಟದ ಮಾತೂ ಇಲ್ಲ, ಇದ್ದದ್ದು ಶಾಕ್ ಮತ್ತು ಕಲಿಕೆ ಮಾತ್ರ. ಎಚ್ಚರದ ಮಟ್ಟವನ್ನು ಅಡ್ಡಗೆರೆಯಲ್ಲಿಟ್ಟು ಒಂದೇ ದಿಬ್ಬ ಬರೆದದ್ದು 1955ರಲ್ಲಿ ಕೆನಡಾದ ಡೊನಾಲ್ಡ್ ಹೆಬ್. ತರಬೇತಿಯ ಚಿತ್ರ ಯರ್ಕೀಸ್-ಡಾಡ್ಸನ್ ಹೆಸರು ಹೊತ್ತಿದ್ದರೂ ಅದರ ರೂಪ ಹೆಬ್ ಅವರದಕ್ಕೆ ಹತ್ತಿರ. ಕೆಲಸ ಎಷ್ಟು ಕಷ್ಟದ್ದು ಎಂಬ ಪ್ರಶ್ನೆ ದಾರಿಯಲ್ಲೇ ಬಿದ್ದುಹೋಯಿತು. ನನ್ನ ಮಟ್ಟಿಗೆ ಇಡೀ ಪ್ರಯೋಗದಲ್ಲಿ ಶಾಲೆಗೆ ಬೇಕಾಗಿದ್ದದ್ದು ಅದೊಂದೇ.

ಹೊಳೆನರಸೀಪುರದ ಹುಡುಗಿಗೆ ಹೇಳಿದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಹೆದರಿಸಿದರೆ ಮಗ್ಗಿ ಬರಬಹುದು, ಪದ್ಯ ಬಾಯಿಪಾಠವಾಗಬಹುದು. ಅವು ಭತ್ತದ ಗದ್ದೆಯ ಬೆಳೆ. ಅದನ್ನು ನೋಡಿದ ಮೇಷ್ಟ್ರಿಗೆ ಹೆದರಿಕೆಯಿಂದ ಕೆಲಸವಾಯಿತು ಅನಿಸುತ್ತದೆ. ಅದೇ ಹುಡುಗನನ್ನು ಬೋರ್ಡಿನ ಮುಂದೆ ನಿಲ್ಲಿಸಿ, ಇಬ್ಬರು ಆಳುಗಳು ಆರು ದಿನದಲ್ಲಿ ಮಾಡುವ ಕೆಲಸವನ್ನು ಮೂವರು ಎಷ್ಟು ದಿನದಲ್ಲಿ ಮಾಡುತ್ತಾರೆ ಎಂದು ಕೇಳಿದರೆ ಥಟ್ಟನೆ ಒಂಬತ್ತು ಎನ್ನುತ್ತಾನೆ. ಆಳು ಹೆಚ್ಚಾದರೆ ದಿನ ಕಡಿಮೆಯಾಗಬೇಕು ಎಂಬುದನ್ನು ಒಂದು ಕ್ಷಣ ಹಿಡಿದಿಟ್ಟು ಪರೀಕ್ಷಿಸಿದ್ದರೆ ನಾಲ್ಕು ಎನ್ನುತ್ತಿದ್ದ. ಪಕ್ಕದ ಬೆಂಚಿನಲ್ಲಿ ನಿರಾಳವಾಗಿ ಕೂತಿದ್ದರೆ ಅವನೇ ಹೇಳುತ್ತಿದ್ದನೇನೋ.

ಮಕ್ಕಳು ಗೆರೆಯ ಯಾವ ಬದಿಯಲ್ಲಿದ್ದಾರೆ ಎಂದು ತಿಳಿಯಲು ತಪ್ಪಿನ ಬಗೆಯನ್ನು ನೋಡಿ. ಗ್ಯಾರಿ ಆಸ್ಟನ್-ಜೋನ್ಸ್ ಮತ್ತು ಸಂಗಡಿಗರು ಕೋತಿಗಳ ಲೋಕಸ್ ಸಿರೂಲಿಯಸ್‌ಗೆ ಸೂಕ್ಷ್ಮ ತಂತಿ ಇಳಿಸಿ, ಪರದೆಯ ಮೇಲೆ ಅಪರೂಪಕ್ಕೆ ಬರುವ ಒಂದು ಗುರುತಿಗೆ ಮಾತ್ರ ಸನ್ನೆ ಕೊಡುವಂತೆ ಕಲಿಸಿದರು. ಕೋತಿ ಚೆನ್ನಾಗಿ ಮಾಡುತ್ತಿದ್ದಾಗ ಕೋಶಗಳ ಹಿನ್ನೆಲೆ ಮಿಡಿತ ಸೆಕೆಂಡಿಗೆ ಎರಡರ ಆಸುಪಾಸಿನಲ್ಲಿ ಸಾವಕಾಶವಾಗಿರುತ್ತಿತ್ತು, ಸರಿಯಾದ ಗುರುತು ಬಂದಾಗ ಮಾತ್ರ ಒಂದು ಚುರುಕಾದ ಸಿಡಿತ. ಹಿನ್ನೆಲೆ ಮಿಡಿತವೇ ಏರಿದಾಗ ಆ ಸಿಡಿತ ಸಣ್ಣದಾಯಿತು, ಕೋತಿ ಸುಳ್ಳು ಗುರುತಿಗೂ ಸನ್ನೆ ಕೊಡತೊಡಗಿತು. ತೂಕಡಿಸುವಾಗ ಸಿಡಿತವೂ ಇಲ್ಲ, ಸನ್ನೆಯೂ ಇಲ್ಲ. ನಿಮ್ಮ ತರಗತಿಯಲ್ಲೂ ಹಾಗೆ. ಪ್ರಶ್ನೆ ದಾಟಿಹೋದರೂ ಉತ್ತರ ಬಾರದಿದ್ದರೆ ಎಚ್ಚರ ಸಾಲದು, ಎಬ್ಬಿಸಿ. ಪ್ರಶ್ನೆ ಮುಗಿಯುವ ಮೊದಲೇ ತಪ್ಪು ಉತ್ತರ ಬರುತ್ತಿದ್ದರೆ ಎಚ್ಚರ ಅತಿಯಾಗಿದೆ, ಇನ್ನಷ್ಟು ಜೋರು ಮಾಡಿದರೆ ಕೆಡುತ್ತದೆ. ಮಕ್ಕಳನ್ನು ಎಬ್ಬಿಸಲು ಬೆತ್ತ ಬೇಕಿಲ್ಲ. ಹೊಸತನ, ಕುತೂಹಲ, ತನ್ನ ಸರದಿ ಈಗ ಬರುತ್ತದೆ ಎಂಬ ನಿರೀಕ್ಷೆ, ಇವೂ ಅದೇ ಕೋಶಗಳನ್ನು ಎಬ್ಬಿಸುತ್ತವೆ, ಆಲ್ಫಾ-1ರ ತನಕ ಎಳೆಯದೆ.

ಪ್ರಶ್ನೆ: ಸಾರ್, ನಾನು ರಾತ್ರಿ ಲಾರಿ ಓಡಿಸುವವನು, ಬೆಂಗಳೂರು–ಮಂಗಳೂರು ಲೈನು. ಶಿರಾಡಿ ಘಾಟಿಯ ತಿರುವುಗಳಲ್ಲಿ ನಿದ್ದೆ ಹತ್ತಿರ ಬರಲ್ಲ. ನಮ್ಮೂರಿನಿಂದ ಹಾಸನದ ಕಡೆ ನೇರ ರಸ್ತೆಯಲ್ಲೇ ಕಣ್ಣು ಎಳೆಯುತ್ತೆ. ಕಿಟಕಿ ಇಳಿಸ್ತೀನಿ, ಹಾಡು ಜೋರಾಗಿ ಇಡ್ತೀನಿ. ಹೋದ ವಾರ ಹಸು ಅಡ್ಡ ಬಂದು ಮೈ ಜುಂ ಅಂತು, ಇನ್ನು ನಿದ್ದೆ ಬರಲ್ಲ ಅಂದ್ಕೊಂಡೆ. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಕಥೆ. ಯಾಕೆ?
— ಲಾರಿ ಚಾಲಕ, ಚನ್ನರಾಯಪಟ್ಟಣ

ಉತ್ತರ: ಅಣ್ಣಾ, ನೀವು ಗೆರೆಯ ಎಡಗಡೆ ತುದಿಯಲ್ಲಿದ್ದೀರಿ. ಘಾಟಿಯಲ್ಲಿ ಪ್ರತಿ ತಿರುವೂ ಒಂದು ಕೆಲಸ ಕೊಡುತ್ತದೆ, ಎದುರಿನ ದೀಪ, ಗೇರು, ಬ್ರೇಕು. ಒಂದೊಂದಕ್ಕೂ ಲೋಕಸ್ ಸಿರೂಲಿಯಸ್ ಒಮ್ಮೆ ಸಿಡಿಯುತ್ತದೆ. ನೇರ ನಾಲ್ಕು ಪಥದ ರಸ್ತೆಯಲ್ಲಿ ಸಿಡಿಯಲು ಕಾರಣವೇ ಇಲ್ಲ. ನಿದ್ದೆ ಬರುವ ಮೊದಲೇ ಈ ಕೋಶಗಳ ಮಿಡಿತ ಇಳಿಯತೊಡಗುತ್ತದೆ, ಗಾಢ ನಿದ್ದೆಯಲ್ಲಿ ಬಹಳ ನಿಧಾನ, ಕನಸಿನ ನಿದ್ದೆಯಲ್ಲಿ ಹೆಚ್ಚುಕಡಿಮೆ ಪೂರ್ತಿ ನಿಂತೇಹೋಗುತ್ತದೆ. ನಿಮ್ಮ ಕಣ್ಣು ಎಳೆಯುವ ಹೊತ್ತಿಗೆ ಒಳಗೆ ಇಳಿತ ಆಗಲೇ ಶುರುವಾಗಿರುತ್ತದೆ.

ಹಸು ಅಡ್ಡ ಬಂದಾಗ ಎರಡೂ ಕಡೆಯ ಕೋಶಗಳು ಒಟ್ಟಿಗೆ ಸಿಡಿದವು, ಕಾಲು ಬ್ರೇಕಿಗೆ ಹೋಯಿತು. ಅದು ಜೀವ ಉಳಿಸಿತು. ಆದರೆ ಹೊತ್ತು ಕಳೆದಂತೆ ಮೆದುಳಿನಲ್ಲಿ ಅಡಿನೊಸಿನ್ ಎಂಬ ವಸ್ತು ಕೂಡಿಕೊಂಡಿರುತ್ತದೆ, ನಿದ್ದೆಗೆ ಎಳೆಯುವುದು ಅದು. ಹೆದರಿಕೆ ಅದನ್ನು ತೊಳೆಯುವುದಿಲ್ಲ. ಭಯದ ಅಲೆ ಇಳಿದ ಕೂಡಲೇ ಕೆಳಗೆ ಬಾಕಿಯಿದ್ದ ನಿದ್ದೆ ಹಾಗೆಯೇ ಇರುತ್ತದೆ. ಗಾಳಿ, ಹಾಡು ಕೂಡ ಅಷ್ಟೇ, ಮೊದಲ ಕೆಲವು ನಿಮಿಷಕ್ಕೆ ಹೊಸದು, ಆಮೇಲೆ ಮೆದುಳು ಅದಕ್ಕೆ ಒಗ್ಗಿಬಿಡುತ್ತದೆ.

ಕಾಫಿ ಅಡಿನೊಸಿನ್ನಿನ ಗ್ರಾಹಕವನ್ನು ಮುಚ್ಚುತ್ತದೆ, ಆದರೆ ಕೆಲಸ ತೋರಿಸಲು ಅರ್ಧ ಗಂಟೆ ಬೇಕು. ಆದ್ದರಿಂದ ಡಾಬಾದಲ್ಲಿ ನಿಲ್ಲಿಸಿ ಕಾಫಿ ಕುಡಿದು, ಕೂಡಲೇ ಕ್ಯಾಬಿನ್ನಿನಲ್ಲಿ 15–20 ನಿಮಿಷ ಮಲಗಿ. ಎದ್ದಾಗ ಎರಡೂ ಒಟ್ಟಿಗೆ ಒದಗುತ್ತವೆ. ಎದ್ದ ತಕ್ಷಣ ಹೊರಡಬೇಡಿ, ಮುಖ ತೊಳೆದು ಲಾರಿ ಸುತ್ತ ಒಂದು ಸುತ್ತು ನಡೆದು ಬನ್ನಿ. ಕಳೆದ ಎರಡು ಕಿಲೋಮೀಟರ್ ದಾರಿ ನೆನಪಿಗೆ ಬಾರದಿದ್ದರೆ, ಅಥವಾ ಚಕ್ರ ಅಂಚಿನ ಬಿಳಿ ಗೆರೆ ಮುಟ್ಟಿದರೆ, ನೀವು ಆಗಲೇ ಕೆಲವು ಸೆಕೆಂಡ್ ನಿದ್ದೆ ಮಾಡಿರಬಹುದು. ಆಗ ಹಾಸನ ಇನ್ನೇನು ಬಂತು ಎಂದು ತಳ್ಳಬೇಡಿ, ಸಿಕ್ಕ ಮೊದಲ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ.

ಪ್ರಶ್ನೆ: 2025ರ ಮೇ-ಜೂನಿನಲ್ಲಿ ನಮ್ಮ ಜಿಲ್ಲೆಯಲ್ಲಿ ಹೃದಯಾಘಾತದ ಸಾವುಗಳ ಸುದ್ದಿ ದಿನವೂ ಬರುತ್ತಿತ್ತಲ್ಲ, ಆಗಿನಿಂದ ನನಗೆ ಎದೆಬಡಿತದ ಮೇಲೇ ಗಮನ. ಅಂಗಡಿಯಲ್ಲಿ ಲೆಕ್ಕ ಬರೆಯುವಾಗ ತಪ್ಪುತ್ತೇನೆ. ಸ್ನೇಹಿತರೊಬ್ಬರು ಪ್ರೊಪ್ರಾನೊಲಾಲ್ ಮಾತ್ರೆ ಕೊಟ್ಟು, ಇದನ್ನು ತಗೊಂಡರೆ ಧೈರ್ಯ ಬರುತ್ತೆ ಅಂದರು. ತಗೊಳ್ಳಬಹುದೇ?
— ವ್ಯಾಪಾರಿ, ಹಾಸನ

ಉತ್ತರ: ಅವರು ಕೊಟ್ಟದ್ದನ್ನು ಅವರಿಗೇ ವಾಪಸ್ ಕೊಡಿ. ಮೊದಲು ಒಂದು ಇಸಿಜಿ, ಬಿಪಿ, ಸಕ್ಕರೆ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿ. ನಡೆಯುವಾಗ ಅಥವಾ ಭಾರ ಎತ್ತುವಾಗ ಎದೆ ಹಿಡಿದಂತಾದರೆ, ಎಡಗೈಗೋ ದವಡೆಗೋ ನೋವು ಹರಿದರೆ, ತಣ್ಣನೆ ಬೆವರು ಬಂದರೆ ಇದು ನನ್ನ ಅಂಕಣದ ವಿಷಯವಲ್ಲ, ಕೂಡಲೇ ಆಸ್ಪತ್ರೆಗೆ ಹೋಗಿ. ಆ ಸಾವುಗಳ ಬಗ್ಗೆ ಸರ್ಕಾರ ಜಯದೇವ ಸಂಸ್ಥೆಯ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸಮಿತಿ ಮಾಡಿತ್ತು. ಹೃದಯ ಸಂಬಂಧಿ ಸಾವುಗಳಲ್ಲಿ ಅಸಹಜ ಏರಿಕೆ ಕಂಡುಬಂದಿಲ್ಲ ಎಂದು ಆ ಜುಲೈನಲ್ಲೇ ವರದಿ ಬಂತು.

ಪರೀಕ್ಷೆ ಎಲ್ಲ ಸರಿಯಾಗಿದ್ದರೆ ನಿಮ್ಮ ಒಳಗೆ ನಡೆಯುತ್ತಿರುವುದು ಒಂದು ಸುತ್ತು. ಹೆದರಿಕೆಗೆ ಅಡ್ರಿನಲ್ ಗ್ರಂಥಿ ರಕ್ತಕ್ಕೆ ಅಡ್ರಿನಲಿನ್ ಬಿಡುತ್ತದೆ. ಅದು ನೇರವಾಗಿ ಮೆದುಳಿನೊಳಕ್ಕೆ ಹೋಗಲಾರದು. ಆದರೆ ಎದೆ, ಹೊಟ್ಟೆಯ ಸುದ್ದಿ ಹೊರುವ ವೇಗಸ್ ನರದ ಮೂಲಕ ಮೆದುಳಿನ ಕಾಂಡಕ್ಕೆ ತಿಳಿಸುತ್ತದೆ, ಅಲ್ಲಿಂದ ಲೋಕಸ್ ಸಿರೂಲಿಯಸ್‌ಗೆ. ಅದರ ಹಿನ್ನೆಲೆ ಮಿಡಿತ ಏರುತ್ತದೆ, ಗಮನ ಬೆದರಿಕೆ ಹುಡುಕುತ್ತದೆ, ಹತ್ತಿರದಲ್ಲೇ ಸಿಗುವುದು ನಿಮ್ಮ ಎದೆಬಡಿತ. ಅದನ್ನು ಕೇಳಿಸಿಕೊಂಡು ಮತ್ತೆ ಹೆದರುತ್ತೀರಿ. ಲೆಕ್ಕದ ಪುಸ್ತಕಕ್ಕೆ ಬೇಕಾದ ಹಣೆಯ ಹಿಂದಿನ ಭಾಗ ಈ ಹೊತ್ತಿನಲ್ಲಿ ಸೊರಗಿರುತ್ತದೆ.

ಪ್ರೊಪ್ರಾನೊಲಾಲ್ ಈ ಸುತ್ತನ್ನು ಹೃದಯದ ಬಳಿ ಕತ್ತರಿಸುತ್ತದೆ. ಅದು ಬೀಟಾ ಗ್ರಾಹಕಗಳನ್ನು ಮುಚ್ಚಿ ಬಡಿತ, ಕೈನಡುಕ ತಗ್ಗಿಸುತ್ತದೆ. ವೇದಿಕೆಯಲ್ಲಿ ಹಾಡುವವರಿಗೆ, ಮಾತಾಡುವವರಿಗೆ ವೈದ್ಯರು ಕೆಲವೊಮ್ಮೆ ಬರೆದುಕೊಡುವುದು ಇದಕ್ಕೇ. ಆದರೆ ಮೇಲೆ ಹೇಳಿದ ಆಲ್ಫಾ-1 ಗ್ರಾಹಕಗಳನ್ನು ಅದು ಮುಟ್ಟುವುದಿಲ್ಲ, ಹಾಗಾಗಿ ತಪ್ಪಿದ ಲೆಕ್ಕ ತಾನಾಗಿ ಸರಿಹೋಗುತ್ತದೆ ಎಂದುಕೊಳ್ಳಬೇಡಿ. ಆಸ್ತಮಾ ಇದ್ದವರಿಗೆ ಇದು ಉಸಿರುನಾಳ ಬಿಗಿದು ಪ್ರಾಣಕ್ಕೇ ಕುತ್ತು ತರಬಹುದು. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಸಕ್ಕರೆ ಇಳಿದಾಗ ಎಚ್ಚರಿಸುವ ಎದೆಬಡಿತವನ್ನೇ ಮುಚ್ಚಿಡುತ್ತದೆ. ನಾಡಿ ಮೊದಲೇ ನಿಧಾನವಿದ್ದರೆ ಇನ್ನಷ್ಟು ಇಳಿಸುತ್ತದೆ. ತಿಂಗಳುಗಟ್ಟಲೆ ತಗೊಂಡು ಥಟ್ಟನೆ ನಿಲ್ಲಿಸಿದರೆ ಬಡಿತ ಮೊದಲಿಗಿಂತ ಜೋರಾಗಿ ಏಳಬಹುದು. ವೈದ್ಯರ ಹತ್ತಿರ ಹೋದಾಗ ಚಿಕ್ಕಂದಿನಲ್ಲಿ ಉಬ್ಬಸ ಇತ್ತೇ, ಈಗ ಯಾವ ಯಾವ ಮಾತ್ರೆ ನಡೆಯುತ್ತಿದೆ, ದಿನಕ್ಕೆ ಎಷ್ಟು ಸಲ ನಾಡಿ ಹಿಡಿದು ನೋಡಿಕೊಳ್ಳುತ್ತೀರಿ ಎಂಬ ಮೂರನ್ನೂ ಮರೆಯದೆ ಹೇಳಿ. ಮೂರನೆಯದನ್ನು ಹೇಳಲು ಸಂಕೋಚಪಡಬೇಡಿ. ಮಾತ್ರೆಗಿಂತ ಮೊದಲು ಚಿಕಿತ್ಸೆ ಶುರುವಾಗಬೇಕಾದದ್ದು ಆ ಅಭ್ಯಾಸದಿಂದಲೇ ಇರಬಹುದು.